ಮಹಾಸಭೆಯ ರೆಕಾರ್ಡಿಂಗ್‌ನಿಂದ ಸದಸ್ಯರ ಕೈಗೆ ಒಂದು ಪುಟ

ವಾರ್ಷಿಕ ಮಹಾಸಭೆಯನ್ನು ಸೆಪ್ಟೆಂಬರ್ 25ರೊಳಗೆ ಮುಗಿಸಬೇಕೆಂದು ರಾಜ್ಯದ ಸಹಕಾರ ಕಾಯ್ದೆ ಹೇಳುತ್ತದೆ. ಹಾಗಾಗಿ ಆಗಸ್ಟ್ ಬಂತೆಂದರೆ ಹಾಲು ಉತ್ಪಾದಕರ ಸಹಕಾರ ಸಂಘಗಳ ಮುಂದೆ ಶಾಮಿಯಾನ ಏಳುತ್ತದೆ, ಮೈಕ್ ಬರುತ್ತದೆ. ಹಾಲು ಹಾಕುವವರಲ್ಲಿ ಎಷ್ಟೋ ಮಂದಿ, ಅದರಲ್ಲೂ ಹೆಂಗಸರು, ಆ ಹೊತ್ತಿಗೆ ಹುಲ್ಲು ಕೊಯ್ಯಲೋ ಕೂಲಿಗೋ ಹೋಗಿರುತ್ತಾರೆ. ಈಗ ಯಾರಾದರೊಬ್ಬರು ಸಭೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದುಂಟು. ಆದರೆ ಎರಡೂವರೆ ಗಂಟೆಯ ಆಡಿಯೊವನ್ನು ಕೇಳುವ ಪುರುಸೊತ್ತು ಯಾರಿಗಿದೆ? ಅದನ್ನು ಒಂದು ಪುಟಕ್ಕೆ ಇಳಿಸುವವರು ಬೇಕು. ಆ ಕೆಲಸ ನೋಡಿದಷ್ಟು ಸುಲಭವಲ್ಲ. ಸಭೆಯಲ್ಲಿ ವರದಿ, ಬೇಡಿಕೆ, ಭರವಸೆ, ತೀರ್ಮಾನ ಎಲ್ಲವೂ ಒಂದೇ ಮೈಕಿನಿಂದ, ಒಂದೇ ಧಾಟಿಯಲ್ಲಿ ಬರುತ್ತವೆ. ಅವನ್ನು ಬಿಡಿಸಿಡುವುದೇ ಸಾರಾಂಶ ಬರೆಯುವವರ ನಿಜವಾದ ಕೆಲಸ.

ಮೊದಲು ಅಂಕಿಗಳ ಮಾತು. ಕಿವಿಯನ್ನಷ್ಟೇ ನಂಬಿ ಒಂದು ಅಂಕಿಯನ್ನೂ ಬರೆಯಬಾರದು. ಮೈಕಿನ ಗದ್ದಲದಲ್ಲಿ ಎಪ್ಪತ್ತು, ಎಂಬತ್ತು ಒಂದೇ ಥರ ಕೇಳಿಸುತ್ತವೆ. ವರ್ಷಕ್ಕೆ 2,40,000 ಲೀಟರ್ ಹಾಲು ತೆಗೆದುಕೊಳ್ಳುವ ಸಂಘದಲ್ಲಿ ಲೀಟರಿಗೆ 71 ಪೈಸೆ ಬೋನಸ್ ಎಂಬುದು 81 ಪೈಸೆ ಎಂದಾಗಿಬಿಟ್ಟರೆ 24,000 ರೂಪಾಯಿಯ ವ್ಯತ್ಯಾಸ. ಆದ್ದರಿಂದ ಒಂದು ಸಲ ಕೇಳುತ್ತಾ ಪ್ರತಿ ವಿಷಯದ ಮುಂದೆ ಆಡಿಯೊದ ಗಂಟೆ, ನಿಮಿಷ ಗುರುತು ಹಾಕಿಕೊಳ್ಳಬೇಕು. ಆಮೇಲೆ ಸಭೆಯಲ್ಲಿ ಹಂಚಿದ ಮುದ್ರಿತ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಅಂಕಿ ಇರುವ ಭಾಗಗಳನ್ನು ಮತ್ತೆ ಕೇಳಬೇಕು. ಎರಡೂ ತಾಳೆಯಾಗದಿದ್ದರೆ ಕಾರ್ಯದರ್ಶಿಯನ್ನು ಕೇಳಿ ಬರೆಯುವುದೇ ಸರಿ.

ಲೆಕ್ಕಪತ್ರದ ಭಾಗದಲ್ಲಿ ಜನ ಹೆಚ್ಚಾಗಿ ಎಡವುವುದು ವಹಿವಾಟು ಮತ್ತು ಲಾಭದ ನಡುವೆ. ‘ನಮ್ಮ ಸಂಘ ಈ ಸಲ 90 ಲಕ್ಷದ ವಹಿವಾಟು ಮಾಡಿದೆ’ ಎಂದು ಅಧ್ಯಕ್ಷರು ಹೇಳಿದಾಗ ಚಪ್ಪಾಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಬಟವಾಡೆಯಾಗಿ ಹಾಲು ಹಾಕಿದವರ ಕೈಗೆ ಹೋಗಿಬಿಟ್ಟ ಹಣ. ಸದಸ್ಯರಿಗೆ ಬೇಕಾದದ್ದು ನಿವ್ವಳ ಲಾಭ ಎಷ್ಟು, ಕಳೆದ ವರ್ಷ ಎಷ್ಟಿತ್ತು, ಲೆಕ್ಕ ಪರಿಶೋಧಕರು ಎತ್ತಿದ ಆಕ್ಷೇಪಣೆಗಳೇನು ಎಂಬುದು. ಆಕ್ಷೇಪಣೆಗಳನ್ನು ಸಾಮಾನ್ಯವಾಗಿ ಸರಸರ ಓದಿ ಮುಗಿಸುತ್ತಾರೆ. ಪಶು ಆಹಾರವನ್ನು ಸಾಲವಾಗಿ ಕೊಟ್ಟು ವಸೂಲಾಗದ ಬಾಕಿ, ದಾಸ್ತಾನಿನಲ್ಲಿ ಕಡಿಮೆ ಬಿದ್ದ ಮೂಟೆಗಳು ಅಲ್ಲೇ ಇರುತ್ತವೆ. ರೆಕಾರ್ಡಿಂಗ್ ಅನ್ನು ನಿಧಾನಕ್ಕೆ ಹಾಕಿಯಾದರೂ ಅವನ್ನು ಕೇಳಿ ಬರೆಯಬೇಕು. ಬಾಕಿದಾರರ ಹೆಸರು ಸಭೆಯಲ್ಲಿ ಬಂದಿದ್ದರೂ ಸಾರಾಂಶಕ್ಕೆ ಬೇಡ, ಒಟ್ಟು ಮೊತ್ತ ಸಾಕು. ವಾಟ್ಸಾಪಿಗೆ ಹೋದ ಹೆಸರನ್ನು ವಾಪಸ್ ತರಲಾಗದು.

ಹಾಲಿನ ದರದ ಚರ್ಚೆಗೆ ಬಂದರೆ ಎಲ್ಲಕ್ಕಿಂತ ಹೆಚ್ಚು ಗದ್ದಲ, ಎಲ್ಲಕ್ಕಿಂತ ಕಡಿಮೆ ತೀರ್ಮಾನ. ‘ಹಿಂಡಿ ರೇಟು ಹೆಚ್ಚಾಗಿದೆ, ಲೀಟರಿಗೆ ಎರಡು ರೂಪಾಯಿ ಜಾಸ್ತಿ ಮಾಡ್ರಿ’ ಎಂದು ಒಬ್ಬರು ಕೂಗುತ್ತಾರೆ. ‘ಮಾಡೋಣ, ಮಾಡೋಣ’ ಎನ್ನುತ್ತಾರೆ ಅಧ್ಯಕ್ಷರು. ಇದನ್ನು ‘ದರ ಎರಡು ರೂಪಾಯಿ ಏರಿಕೆ’ ಎಂದು ಬರೆದರೆ ಮರುದಿನವೇ ಸಂಘದ ಬಾಗಿಲಲ್ಲಿ ಜಗಳ. ಖರೀದಿ ದರವನ್ನು ನಿಗದಿ ಮಾಡುವುದು ಜಿಲ್ಲಾ ಹಾಲು ಒಕ್ಕೂಟ, ಊರಿನ ಸಂಘವಲ್ಲ. ಸಭೆ ಮಾಡಬಹುದಾದದ್ದು ಒಕ್ಕೂಟಕ್ಕೆ ಬರೆಯುವ ನಿರ್ಣಯ. ‘ದರ ಹೆಚ್ಚಿಸುವಂತೆ ಒಕ್ಕೂಟವನ್ನು ಕೋರಲು ನಿರ್ಣಯಿಸಲಾಯಿತು. ಈಗಿನ ದರದಲ್ಲಿ ಬದಲಾವಣೆ ಇಲ್ಲ’ ಎಂದು ಬರೆದರೆ ಗೊಂದಲಕ್ಕೆ ಎಡೆಯಿಲ್ಲ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವನ್ನೂ ಇದೇ ಚರ್ಚೆಯಲ್ಲಿ ಬೆರೆಸುತ್ತಾರೆ. 2008ರಲ್ಲಿ 2 ರೂಪಾಯಿಯಿಂದ ಶುರುವಾದ ಆ ಹಣ ಸರ್ಕಾರದಿಂದ ನೇರವಾಗಿ ಉತ್ಪಾದಕರ ಬ್ಯಾಂಕ್ ಖಾತೆಗೆ ಬರುವಂಥದ್ದು. ಅದು ತಡವಾಗಿದ್ದರೆ ಆ ದೂರನ್ನು ದರದ ಜತೆ ಸೇರಿಸದೆ ಬೇರೆಯಾಗಿ ಬರೆಯಬೇಕು.

ಬೋನಸ್ಸಿನದು ಇನ್ನೂ ಸೂಕ್ಷ್ಮ. ರೆಕಾರ್ಡಿಂಗ್‌ನಲ್ಲಿ ಕೇಳುವುದು ‘ಶೇಕಡ ಅರವತ್ತೈದು ಬೋನಸ್’ ಎಂಬಷ್ಟೇ ಮಾತು ಎಂದುಕೊಳ್ಳಿ. ಯಾವುದರಲ್ಲಿ ಶೇಕಡ 65? ಒಂದು ಲೆಕ್ಕ ಹಾಕಿ ನೋಡೋಣ. ಸಂಘದ ನಿವ್ವಳ ಲಾಭ 3,60,000 ರೂಪಾಯಿ. ಕಾಯ್ದೆಯಂತೆ ಅದರಲ್ಲಿ ಶೇ. 25, ಅಂದರೆ 90,000 ರೂಪಾಯಿ ಆಪದ್ಧನ ನಿಧಿಗೆ ಹೋಗಬೇಕು. ಸಹಕಾರ ಶಿಕ್ಷಣ ನಿಧಿಗೆ ಶೇ. 2 ಎಂದರೆ 7,200. ಉಳಿಯುವುದು 2,62,800. ಈ ಉಳಿಕೆಯಲ್ಲಿ ಶೇ. 65 ತೆಗೆದರೆ 1,70,820 ರೂಪಾಯಿ. ಅದನ್ನು 2,40,000 ಲೀಟರಿಗೆ ಹಂಚಿದರೆ ಲೀಟರಿಗೆ 71 ಪೈಸೆ. ಒಟ್ಟು ಲಾಭದಲ್ಲೇ ಶೇ. 65 ಎಂದು ತಿಳಿದವರಿಗೆ ಲೀಟರಿಗೆ 97 ಪೈಸೆಯ ಮೇಲೆ ಬರಬೇಕು ಎನಿಸುತ್ತದೆ. ವರ್ಷಕ್ಕೆ 2,900 ಲೀಟರ್ ಹಾಕಿದ ಮನೆಗೆ ಸಿಗುವುದು 2,059 ರೂಪಾಯಿ, ಅವರು ಎಣಿಸಿಕೊಂಡದ್ದು 2,800ಕ್ಕೂ ಹೆಚ್ಚು. ‘ಕಾರ್ಯದರ್ಶಿ ತಿಂದ’ ಎಂಬ ಮಾತು ಹುಟ್ಟುವುದು ಎಷ್ಟೋ ಸಲ ಇಂಥ ಕಡೆಯೇ. ಹಂಚಿಕೆಯ ಪ್ರಮಾಣ ಆಯಾ ಸಂಘದ ಬೈಲಾದಲ್ಲಿರುತ್ತದೆ, ಅದನ್ನು ನೋಡಿಯೇ ಬರೆಯಬೇಕು. ಶೇಕಡಾವಾರು ಲೆಕ್ಕದ ಪಕ್ಕದಲ್ಲಿ ಲೀಟರಿಗೆ ಎಷ್ಟು ಪೈಸೆ ಎಂದು ಬರೆದರೆ ಮನೆಯಲ್ಲಿ ಕುಳಿತವರೂ ತಮ್ಮ ಪಾಲನ್ನು ತಾವೇ ಲೆಕ್ಕ ಹಾಕಿಕೊಳ್ಳಬಲ್ಲರು. ಷೇರು ಹಣದ ಮೇಲೆ ಕೊಡುವ ಡಿವಿಡೆಂಡ್ ಬೇರೆ, ಅದಕ್ಕೆ ಬೇರೆ ಸಾಲು ಇರಲಿ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಸಂಘದ ಲಾಭ ಎಲ್ಲಿಂದ ಬರುತ್ತದೆ? ಒಕ್ಕೂಟ ಸಂಘಕ್ಕೆ ಕೊಡುವ ಹಣಕ್ಕೂ ಸಂಘ ಸದಸ್ಯರಿಗೆ ಬಟವಾಡೆ ಮಾಡುವ ಹಣಕ್ಕೂ ಇರುವ ಅಂತರದಿಂದ, ಊರಿನಲ್ಲೇ ಮಾರುವ ಹಾಲಿನಿಂದ, ಪಶು ಆಹಾರದ ಮಾರಾಟದಿಂದ. ಪರೀಕ್ಷೆಯಲ್ಲಿ ಸದಸ್ಯರ ಹಾಲಿಗೆ ಫ್ಯಾಟು ಕಡಿಮೆ ತೋರಿಸಿ, ಅದೇ ಹಾಲು ಒಕ್ಕೂಟದಲ್ಲಿ ಹೆಚ್ಚು ಫ್ಯಾಟಿನ ದರ ಪಡೆದರೆ ಆ ಅಂತರ ಹಿಗ್ಗುತ್ತದೆ, ಬೋನಸ್ಸೂ ಹಿಗ್ಗುತ್ತದೆ. ಅಂದರೆ ವಾರವಾರ ಕೈಗೆ ಸಿಗಬೇಕಿದ್ದ ಹಣ ವರ್ಷದ ಕೊನೆಗೆ ಹಬ್ಬದ ಉಡುಗೊರೆಯಂತೆ ಬರುತ್ತದೆ, ಅದೂ ನಿಧಿಗಳಿಗೆಲ್ಲ ಮುರಿದು ಉಳಿದದ್ದು. ಆದ್ದರಿಂದ ಬೋನಸ್ ದೊಡ್ಡದಾಯಿತೆಂದು ಮಾತ್ರ ಬರೆಯುವ ಸಾರಾಂಶ ನನಗೆ ಅರ್ಧ ಸತ್ಯ ಎನಿಸುತ್ತದೆ. ವರ್ಷದಲ್ಲಿ ಸಂಘ ಸದಸ್ಯರಿಗೆ ಲೀಟರಿಗೆ ಸರಾಸರಿ ಎಷ್ಟು ಕೊಟ್ಟಿತು, ಒಕ್ಕೂಟದಿಂದ ಎಷ್ಟು ಪಡೆಯಿತು ಎಂಬ ಎರಡು ಅಂಕಿಗಳನ್ನು ಬೋನಸ್ಸಿನ ಸಾಲಿನ ಮೇಲೆಯೇ ಇಡಬೇಕು. ಎರಡನ್ನೂ ವರದಿಯ ವ್ಯಾಪಾರ ಲೆಕ್ಕದಲ್ಲಿರುವ ಮೊತ್ತವನ್ನು ಲೀಟರಿನಿಂದ ಭಾಗಿಸಿ ಪಡೆಯಬಹುದು.

ಇಷ್ಟಾದ ಮೇಲೆ ಪುಟದ ಮುಖ್ಯ ಸಾಲುಗಳು ಹೀಗೆ ಬರಬಹುದು: ‘ಲೆಕ್ಕಪತ್ರ ಮತ್ತು ಆಡಿಟ್ ವರದಿಗೆ ಸಭೆ ಒಪ್ಪಿಗೆ ಕೊಟ್ಟಿದೆ. ನಿವ್ವಳ ಲಾಭ 3,60,000 ರೂ. ಪಶು ಆಹಾರದ ಬಾಕಿ ವಸೂಲಿಗೆ ಆಡಿಟರ್ ಸೂಚಿಸಿದ್ದಾರೆ. ಹಾಲಿನ ದರ ಬದಲಾಗಿಲ್ಲ, ಒಕ್ಕೂಟಕ್ಕೆ ಮನವಿ ಹೋಗುತ್ತದೆ. ಬೋನಸ್ ಲೀಟರಿಗೆ 71 ಪೈಸೆ, ದೀಪಾವಳಿಯ ಮೊದಲು ಖಾತೆಗೆ. ಹೊಸ ಫ್ಯಾಟು ಯಂತ್ರದ ಬೇಡಿಕೆ ಬಂತು, ತೀರ್ಮಾನವಾಗಿಲ್ಲ.’ ಕಾನೂನಿನ ಕಣ್ಣಿಗೆ ದಾಖಲೆ ಎಂದರೆ ಸಹಿ ಬಿದ್ದ ನಡವಳಿ ಪುಸ್ತಕ, ಈ ಪುಟವಲ್ಲ. ಆದ್ದರಿಂದ ಹಂಚುವ ಮುನ್ನ ನಡವಳಿಯೊಡನೆ ಒಮ್ಮೆ ತಾಳೆ ನೋಡಬೇಕು. ನಡವಳಿಯಲ್ಲೇ ಬೇರೆ ಬರೆದಿದ್ದರೆ ರೆಕಾರ್ಡಿಂಗ್‌ನ ನಿಮಿಷ ತೋರಿಸಿ ಕೇಳಬಹುದು. ಗುರುತು ಹಾಕಿಕೊಂಡದ್ದು ಆಗ ಕೆಲಸಕ್ಕೆ ಬರುತ್ತದೆ.

ಓದಲು ಬಾರದವರಿಗಾಗಿ ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಇದನ್ನು ಒಮ್ಮೆ ಗಟ್ಟಿಯಾಗಿ ಓದಿಸಿದರೆ ಒಳ್ಳೆಯದು. ಬೋನಸ್ ಖಾತೆಗೆ ಬಂದ ದಿನ ಬಟವಾಡೆ ಚೀಟಿಗಳಲ್ಲಿರುವ ವರ್ಷದ ಲೀಟರ್ ಕೂಡಿ 71 ಪೈಸೆಯಿಂದ ಗುಣಿಸಿ ನೋಡಿ. ಕಡಿಮೆ ಬಂದಿದ್ದರೆ ಹಿಂಡಿ ಬಾಕಿಗೆ ಮುರಿದುಕೊಂಡಿರಬಹುದು. ಯಾವುದಕ್ಕೆ ಎಷ್ಟು ಮುರಿದಿದ್ದಾರೆಂದು ಕಾರ್ಯದರ್ಶಿಯಿಂದ ಬರೆಸಿಕೊಳ್ಳಿ.