ಚುಚ್ಚುವ ಉಣ್ಣೆ, ಚುಚ್ಚದ ಉಣ್ಣೆ

ಬಯಲುಸೀಮೆಯ ಕರಿಕಂಬಳಿ ಹೊದ್ದವರಿಗೆ ಉಣ್ಣೆ ಎಂದೊಡನೆ ನೆನಪಾಗುವುದು ಬೆಚ್ಚಗಿನ ಜೊತೆಗೇ ಬರುವ ಚುಚ್ಚು. ಅದೇ ಕುರಿಯ ಉಣ್ಣೆಯ ಮೆರಿನೊ ಸ್ವೆಟರನ್ನು ಬರಿಮೈಗೆ ಹಾಕಿಕೊಂಡರೂ ಚುಚ್ಚುವುದಿಲ್ಲ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಳೆಯ ದಪ್ಪ.

ಉಣ್ಣೆಯ ಎಳೆಯನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಉಣ್ಣೆಯ ಎಳೆ 30 ಮೈಕ್ರಾನಿಗಿಂತ ದಪ್ಪವಾದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ನೂರು ಎಳೆಗಳಲ್ಲಿ ಐದಾರು ಇಂಥವಿದ್ದರೂ ಸಾಕು, ಬಟ್ಟೆ ಚುಚ್ಚತೊಡಗುತ್ತದೆ. ‘ನನಗೆ ಉಣ್ಣೆ ಆಗಿಬರುವುದಿಲ್ಲ’ ಎನ್ನುವ ಅನೇಕರ ತೊಂದರೆಗೆ ಮೂಲ ಈ ದಪ್ಪ ಎಳೆಗಳೇ.

ಸ್ವೆಟರಿಗೆ ಬಳಸುವ ಮೆರಿನೊ ಸಾಮಾನ್ಯವಾಗಿ 20 ಮೈಕ್ರಾನಿನ ಆಸುಪಾಸಿನದು. ಉದ್ದ ಎಳೆಗಳನ್ನು ಬಾಚಿ, ಒಂದರ ಪಕ್ಕ ಒಂದನ್ನು ನೇರವಾಗಿ ಜೋಡಿಸಿ ನೂಲುವುದರಿಂದ ನೂಲು ನುಣುಪಾಗುತ್ತದೆ, ಹೆಣಿಗೆಯ ಒಂದೊಂದು ಕೊಂಡಿಯೂ ಸ್ಪಷ್ಟವಾಗಿ ಕಾಣುತ್ತದೆ. ಬಟ್ಟೆ ತೆಳು, ನೋಟ ಅಚ್ಚುಕಟ್ಟು. ಕೋಟಿನ ಒಳಗೆ ಹಾಕಿದರೂ ಉಬ್ಬುವುದಿಲ್ಲ.

ಕುರಿಮರಿಯ ಮೊದಲ ಕತ್ತರಿಯಲ್ಲಿ ಸಿಗುವುದು ಲ್ಯಾಂಬ್ಸ್‌ವುಲ್. ಮರಿಗೆ ಆಗ ಸುಮಾರು ಏಳೆಂಟು ತಿಂಗಳು. ಅದುವರೆಗೆ ಕತ್ತರಿ ಸೋಕದ ಎಳೆಯ ತುದಿ ಸಹಜವಾಗಿ ಮೊನೆಯಾಗಿರುವುದರಿಂದ ಅದೇ ತಳಿಯ ದೊಡ್ಡ ಕುರಿಯ ಉಣ್ಣೆಗಿಂತ ಇದು ಮೆದು. ಆದರೂ ಬಹುಪಾಲು ಮೆರಿನೊಗಿಂತ ತುಸು ದಪ್ಪ. ಎಳೆ ಗಿಡ್ಡವಾದ್ದರಿಂದ ನೇರವಾಗಿ ಬಾಚದೆ, ಎಳೆಗಳು ಎತ್ತೆತ್ತಲೋ ತಿರುಗಿದ್ದಂತೆಯೇ ಸಡಿಲವಾಗಿ ನೂಲುತ್ತಾರೆ. ನೂಲು ಉಬ್ಬಿಕೊಂಡು, ಮೇಲೆ ನವಿರಾದ ಜುಂಗು ಏಳುತ್ತದೆ.

ಬೆಚ್ಚಗಿನ ಗುಟ್ಟು ಇರುವುದು ಈ ಉಬ್ಬಿನಲ್ಲಿ. ಮೈಯ ಶಾಖವನ್ನು ಹಿಡಿದಿಡುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಹಾಗಾಗಿ ತೆಳು ಮೆರಿನೊ ಸ್ವೆಟರಿಗಿಂತ ಉಬ್ಬಿದ ಲ್ಯಾಂಬ್ಸ್‌ವುಲ್ ಸ್ವೆಟರ್ ಹೆಚ್ಚು ಬೆಚ್ಚಗಿರುತ್ತದೆ. ಮೆದುವಾದದ್ದೆಲ್ಲ ಹೆಚ್ಚು ಬೆಚ್ಚಗಿರಬೇಕೆಂದಿಲ್ಲ.

ಮೆದುವೂ ಹೌದು, ಬೆಚ್ಚಗೂ ಹೌದು ಎನಿಸುವುದು ಕ್ಯಾಶ್ಮೀರ್. ಇದು ಕುರಿಯದಲ್ಲ, ಮೇಕೆಯದು. ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಮೇಕೆಗಳು ಕೊರೆಯುವ ಚಳಿಗೆ ಒರಟು ಕೂದಲಿನ ಕೆಳಗೆ ಇನ್ನೊಂದು ಪದರ ನವಿರು ತುಪ್ಪಳ ಬೆಳೆಸಿಕೊಳ್ಳುತ್ತವೆ. ಚಳಿಗಾಲ ಮುಗಿದು ಅದು ಉದುರುವ ಹೊತ್ತಿಗೆ ಬಾಚಿ ತೆಗೆಯುತ್ತಾರೆ. ಇದೇ ಪಶ್ಮಿನಾ, 12ರಿಂದ 15 ಮೈಕ್ರಾನ್. ಒರಟು ಕೂದಲನ್ನು ಬೇರ್ಪಡಿಸಿದ ಮೇಲೆ ಒಂದು ಮೇಕೆಯಿಂದ ಉಳಿಯುವುದು ತೀರಾ ಕಡಿಮೆ, ಒಂದು ಸ್ವೆಟರಿಗೆ ಹಲವು ಮೇಕೆಗಳ ತುಪ್ಪಳ ಬೇಕು. ಬೆಲೆ ಏರುವುದು ಇಲ್ಲಿಯೇ. ಬಟ್ಟೆಯ ಅಂಚಿನಲ್ಲಿ ಮಂಜು ಕವಿದಂಥ ಮಸುಕು ಇದರ ಚೆಲುವು. ಎಳೆ ಗಿಡ್ಡವಾದ್ದರಿಂದ ಕಂಕುಳು, ಮೊಣಕೈ ಉಜ್ಜುವಲ್ಲಿ ಬೇಗ ಸಣ್ಣ ಸಣ್ಣ ಉಂಡೆ ಕಟ್ಟುವುದು ಇದರ ಕುಂದು.

ಟ್ವೀಡ್‌ನ ದಾರಿಯೇ ಬೇರೆ. ಅದು ಉಣ್ಣೆಯ ತಳಿಯಲ್ಲ, ನೇಯ್ಗೆಯ ಬಟ್ಟೆ. ಹೆಸರಾದ ಹ್ಯಾರಿಸ್ ಟ್ವೀಡನ್ನು ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪವಾಸಿಗಳು ತಮ್ಮ ಮನೆಯ ಮಗ್ಗದಲ್ಲೇ ನೇಯಬೇಕು, ಉಣ್ಣೆಗೆ ಬಣ್ಣ ಕೊಟ್ಟು ನೂಲುವುದೂ ಅಲ್ಲೇ ಆಗಬೇಕು ಎಂದು ಬ್ರಿಟನ್ನಿನ 1993ರ ಕಾಯ್ದೆ ಹೇಳುತ್ತದೆ. ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕಿ, ಹಲವು ಬಣ್ಣಗಳನ್ನು ಬೆರೆಸುತ್ತಾರೆ. ದೂರದಿಂದ ಕಂದಾಗಿ ಕಾಣುವ ಕೋಟನ್ನು ಹತ್ತಿರ ಹಿಡಿದರೆ ಹಸಿರು, ಹಳದಿ, ಕೆಂಪಿನ ಚುಕ್ಕೆಗಳು ಕಾಣುವುದು ಅದಕ್ಕೇ. ಮುಟ್ಟಿದರೆ ಒರಟು. ನೇಯ್ದ ಮೇಲೆ ತೊಳೆದು ದಟ್ಟಗೊಳಿಸುವುದರಿಂದ ಗಾಳಿ ಸುಲಭವಾಗಿ ನುಗ್ಗುವುದಿಲ್ಲ. ಚರ್ಮಕ್ಕೆ ನೇರವಾಗಿ ತಾಗದಂತೆ ಹೊರಗೆ ಹಾಕುವ ಕೋಟಿಗೆ ಇದು ತಕ್ಕದ್ದು.

ಬೆಂಗಳೂರಿನಿಂದ ಓದಲು ಎಡಿನ್‌ಬರೋಗೆ ಹೊರಟ ಹುಡುಗಿಯೊಬ್ಬಳಿಗೆ ಈ ಲೆಕ್ಕ ಹೀಗೆ ಕೂಡುತ್ತದೆ: ಮೈಗೆ ತಾಗುವಂತೆ ತೆಳು ಮೆರಿನೊ, ಅದರ ಮೇಲೆ ಲ್ಯಾಂಬ್ಸ್‌ವುಲ್ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಅಸ್ತರಿಯಿರುವ ಟ್ವೀಡ್ ಕೋಟು. ಒಳಗಿನದು ಮೆದು, ನಡುವಿನದು ಗಾಳಿ ಹಿಡಿಯುತ್ತದೆ, ಹೊರಗಿನದು ಗಾಳಿ ತಡೆಯುತ್ತದೆ. ಜೋರು ಮಳೆಗೆ ಮಾತ್ರ ಬೇರೆ ರೇನ್‌ಕೋಟ್ ಬೇಕೇ ಬೇಕು.

ಕೊಳ್ಳುವಾಗ ಒಂದು ಎಚ್ಚರ. ‘ಪಶ್ಮಿನಾ’ ಹೆಸರಿನಲ್ಲಿ ಅಕ್ರಿಲಿಕ್ ಮಾರುವವರಿದ್ದಾರೆ. ಒಳಹೊಲಿಗೆಯಿಂದ ಒಂದೆಳೆ ತೆಗೆದು ಸುಟ್ಟರೆ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಕುರಿ ಉಣ್ಣೆಗೂ ಕ್ಯಾಶ್ಮೀರಿಗೂ ಇರುವ ವ್ಯತ್ಯಾಸ ಈ ಪರೀಕ್ಷೆಯಲ್ಲಿ ತಿಳಿಯದು, ಅದಕ್ಕೆ ಪ್ರಯೋಗಾಲಯವೇ ಬೇಕು. ತೀರಾ ಅಗ್ಗದ ಕ್ಯಾಶ್ಮೀರಿಗೆ ಹಣ ಸುರಿಯುವುದಕ್ಕಿಂತ ಅದೇ ಬೆಲೆಗೆ ಒಳ್ಳೆಯ ಲ್ಯಾಂಬ್ಸ್‌ವುಲ್ ಕೊಂಡು, ಒಳಗೊಂದು ಹತ್ತಿಯ ಅಂಗಿ ಹಾಕಿಕೊಳ್ಳುವುದೇ ಲೇಸು.