ಐದು ನಿಮಿಷದಲ್ಲಿ ಪ್ಯಾಟಗೋನಿಯಾ

ಪರಿಸರಸ್ನೇಹಿ ಬಟ್ಟೆ ಕಂಪನಿಯೊಂದರ ಸಾಮಾಜಿಕ ಜಾಲತಾಣ ತಂತ್ರದ ಬಗ್ಗೆ ತರಗತಿಯಲ್ಲಿ ಐದು ನಿಮಿಷ ಮಾತನಾಡಬೇಕಾದ ವಿದ್ಯಾರ್ಥಿಗೆ ಮಾಹಿತಿಯ ಕೊರತೆ ಇರುವುದಿಲ್ಲ. ಕೊರತೆ ಸಮಯದ್ದು. ಕನ್ನಡದಲ್ಲಿ ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುತ್ತವೆ. ಹೀಗಾಗಿ ನಿಧಾನವಾಗಿ, ಕೇಳುವಂತೆ ಓದಿದರೆ ಐದು ನಿಮಿಷಕ್ಕೆ ಸುಮಾರು 450 ಪದ ಹಿಡಿಸುತ್ತದೆ. ಇಂಗ್ಲಿಷ್ ಕೈಪಿಡಿಗಳ ಲೆಕ್ಕ ನಂಬಿ 650 ಪದ ಬರೆದವರು ಕೊನೆಯ ಭಾಗವನ್ನು ಓಡಿಸಿಕೊಂಡು ಓದಬೇಕಾಗುತ್ತದೆ. ಆದ್ದರಿಂದ ಕಂಪನಿಯ ಇಡೀ ಚರಿತ್ರೆಯನ್ನು ಬಿಟ್ಟು, ಒಂದೇ ವಾದವನ್ನು ಹಿಡಿದು ಬರೆಯುವುದು ಲೇಸು.

1973ರಲ್ಲಿ ಇವೊನ್ ಶೂನಾರ್ಡ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಪ್ಯಾಟಗೋನಿಯಾ ಇಂಥ ವಾದಕ್ಕೆ ಒದಗುತ್ತದೆ. ಬಟ್ಟೆ ಮಾರುವ ಕಂಪನಿಯೇ 'ಕಡಿಮೆ ಕೊಳ್ಳಿ' ಎನ್ನುತ್ತದೆ, ಹಾಗೆಂದೇ ಜನ ಅದರ ಮಾತನ್ನು ಹಂಚುತ್ತಾರೆ ಎಂಬುದೇ ಆ ವಾದ. ಮೊದಲ 40 ಸೆಕೆಂಡಿನಲ್ಲಿ ಇಷ್ಟನ್ನೇ ಹೇಳಬೇಕು. ಪೀಠಿಕೆ ಹೀಗಿರಬಹುದು: "ಅಮೆರಿಕದಲ್ಲಿ ವರ್ಷದಲ್ಲೇ ಅತಿ ಹೆಚ್ಚು ವ್ಯಾಪಾರವಾಗುವ ದಿನಗಳಲ್ಲೊಂದು ಬ್ಲ್ಯಾಕ್ ಫ್ರೈಡೇ. 2011ರಲ್ಲಿ ಅದೇ ದಿನ ಒಂದು ಬಟ್ಟೆ ಕಂಪನಿ ತನ್ನ ಜಾಕೆಟ್ಟಿನ ಚಿತ್ರ ಹಾಕಿ, ಇದನ್ನು ಕೊಳ್ಳಬೇಡಿ ಎಂದು ಜಾಹೀರಾತು ಕೊಟ್ಟಿತು." ವಂದನೆ, ಪರಿಚಯ, 'ಇಂದಿನ ಯುಗದಲ್ಲಿ' ಎಂಬ ಮಾತುಗಳಿಗೆ ಇಲ್ಲಿ ಜಾಗವಿಲ್ಲ.

ಮುಂದಿನ ಒಂದೂವರೆ ನಿಮಿಷ ಆ ಜಾಹೀರಾತಿಗೇ ಮೀಸಲಾಗಬೇಕು, ಏಕೆಂದರೆ ಭಾಷಣದ ಜೀವಾಳ ಅಲ್ಲಿದೆ. ಒಂದು ಜಾಕೆಟ್ ತಯಾರಿಸಲು 135 ಲೀಟರ್ ನೀರು ಬೇಕಾಯಿತು, ಅದು 45 ಜನರಿಗೆ ಒಂದು ದಿನ ಕುಡಿಯಲು ಸಾಕಾಗುವಷ್ಟು ಎಂದು ಕಂಪನಿ ತಾನೇ ಒಪ್ಪಿಕೊಂಡಿತ್ತು. ಜಾಕೆಟ್ಟಿನ ಶೇ. 60ರಷ್ಟು ಮರುಬಳಕೆಯ ಪಾಲಿಯೆಸ್ಟರ್ ಆಗಿದ್ದರೂ ಈ ಲೆಕ್ಕ! ಪರದೆಯ ಮೇಲೆ ಜಾಹೀರಾತಿನ ಚಿತ್ರ, ಬಾಯಲ್ಲಿ ಈ ಒಂದೇ ಅಂಕಿ ಸಾಕು. ಇಂಗಾಲ, ಕಸ, ನೀರು ಎಲ್ಲವನ್ನೂ ಹೇಳಹೊರಟರೆ ಕೇಳುಗರಿಗೆ ಒಂದೂ ಉಳಿಯುವುದಿಲ್ಲ. ಇಲ್ಲೊಂದು ಎಚ್ಚರ ಬೇಕು. ಇದು ಪ್ರಕಟವಾದದ್ದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ, ಫೇಸ್‌ಬುಕ್‌ನಲ್ಲಲ್ಲ. ಅದನ್ನು ಜಾಲತಾಣದ ಪ್ರಚಾರವೆಂದು ಕರೆದರೆ ಭಾಷಣದ ಬುಡವೇ ಅಲುಗಾಡುತ್ತದೆ. ಮಾತು ಹುಟ್ಟಿದ್ದು ಕಾಗದದಲ್ಲಿ, ಜನ ಅದನ್ನು ಎತ್ತಿಕೊಂಡು ಚರ್ಚಿಸಿದ್ದು ಜಾಲದಲ್ಲಿ ಎಂದರೆ ಸರಿಯಾದೀತು.

ಅಲ್ಲಿಂದ ವೋರ್ನ್ ವೇರ್‌ಗೆ ಹೊರಳುವುದು ಸಲೀಸು. ಹಳೆಯ ಬಟ್ಟೆ ರಿಪೇರಿ ಮಾಡುವ, ಮರುಮಾರಾಟ ಮಾಡುವ ಈ ಕಾರ್ಯಕ್ರಮದ ಪೋಸ್ಟ್‌ಗಳಲ್ಲಿ ಹೊಸ ಬಟ್ಟೆ ತೊಟ್ಟ ರೂಪದರ್ಶಿಗಳ ಬದಲು ತೇಪೆ ಹಾಕಿದ ಜಾಕೆಟ್ಟುಗಳು, ಅವುಗಳನ್ನು ವರ್ಷಗಟ್ಟಲೆ ತೊಟ್ಟವರ ಕಥೆಗಳು ಬರುತ್ತವೆ. 2013ರ ಬ್ಲ್ಯಾಕ್ ಫ್ರೈಡೇಗೆ ಇದೇ ಹೆಸರಿನ ಸಾಕ್ಷ್ಯಚಿತ್ರವನ್ನೂ ಕಂಪನಿ ಬಿಡುಗಡೆ ಮಾಡಿತು. ತಂತ್ರ ಇಲ್ಲಿ ಸ್ಪಷ್ಟವಾಗುತ್ತದೆ: ಕಥೆ ಗ್ರಾಹಕರದು, ಬಟ್ಟೆಯ ಬಾಳಿಕೆಗೆ ಅವರೇ ಸಾಕ್ಷಿ. ಒಂದೇ ಪೋಸ್ಟನ್ನು ಪರದೆಗೆ ತಂದು, ಅದರಲ್ಲಿ ಬೆಲೆಯಾಗಲಿ ರಿಯಾಯಿತಿಯಾಗಲಿ ಕಾಣುತ್ತದೆಯೇ ಎಂದು ತರಗತಿಯನ್ನೇ ಕೇಳಿದರೆ ವಿವರಣೆಯ ಅರ್ಧ ಭಾರ ಇಳಿಯುತ್ತದೆ. ಇದಕ್ಕೆ ಒಂದೂಕಾಲು ನಿಮಿಷ.

ನಾಲ್ಕನೆಯ ಭಾಗಕ್ಕೆ ಒಂದು ನಿಮಿಷ. 2020ರ ಜೂನ್‌ನಲ್ಲಿ ದ್ವೇಷಭಾಷಣ ತಡೆಯಲಿಲ್ಲವೆಂದು ಫೇಸ್‌ಬುಕ್ ವಿರುದ್ಧ ನಡೆದ ಬಹಿಷ್ಕಾರಕ್ಕೆ ಸೇರಿದ ಪ್ಯಾಟಗೋನಿಯಾ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಹಣ ಕೊಟ್ಟು ಹಾಕುವ ಜಾಹೀರಾತು ನಿಲ್ಲಿಸಿತು. ಅನೇಕರು ಇದನ್ನು 'ಇನ್‌ಸ್ಟಾಗ್ರಾಂ ತೊರೆಯಿತು' ಎಂದು ಬರೆದುಕೊಳ್ಳುತ್ತಾರೆ. ಹಾಗಲ್ಲ, ಅದರ ಇನ್‌ಸ್ಟಾಗ್ರಾಂ ಖಾತೆ ನಡೆದೇ ಇದೆ. ಕಾಸು ಕೊಟ್ಟು ಕೊಳ್ಳುವ ಜಾಗ ಬೇರೆ, ಜನ ತಾವಾಗಿ ಬಂದು ನೋಡುವ ಖಾತೆ ಬೇರೆ. ಈ ವ್ಯತ್ಯಾಸ ತಿಳಿದವರಿಗೆ ಮಾತ್ರ ಕಂಪನಿಯ ನಿಲುವು ಅರ್ಥವಾಗುತ್ತದೆ.

ಉಳಿದ 35 ಸೆಕೆಂಡು ಮಿತಿಗಳಿಗೆ. 'ಕೊಳ್ಳಬೇಡಿ' ಎಂದ ನಂತರವೂ ಕಂಪನಿಯ ಮಾರಾಟ ಏರಿತು. ಆದರೆ ಜಾಹೀರಾತಿನಿಂದಲೇ ಏರಿತೆನ್ನಲು ಪುರಾವೆ ಸಾಲದು, ಏಕೆಂದರೆ ಹೊಸ ಮಳಿಗೆಗಳು, ಹೊಸ ಉತ್ಪನ್ನಗಳು ಕೂಡ ಮಾರಾಟ ಹೆಚ್ಚಿಸುತ್ತವೆ. ಲೈಕುಗಳ ಸಂಖ್ಯೆಯೂ ಇದಕ್ಕೆ ಉತ್ತರವಲ್ಲ. ರಿಪೇರಿಗೆ ಬಂದ ಬಟ್ಟೆಗಳ ಲೆಕ್ಕ ಹೊಸದಾಗಿ ಮಾರಿದವುಗಳ ಲೆಕ್ಕದ ಪಕ್ಕದಲ್ಲಿ ಹೇಗೆ ಕಾಣುತ್ತದೆ ಎಂಬುದು ಸರಿಯಾದ ಅಳತೆಗೋಲು. ಉಪನ್ಯಾಸಕರು ಕೇಳಬಹುದಾದ ಇನ್ನೊಂದು ಪ್ರಶ್ನೆಗೂ ಉತ್ತರ ಕೈಯಲ್ಲಿರಬೇಕು: ಪಾಲಿಯೆಸ್ಟರ್ ಜಾಕೆಟ್ ಒಗೆದಾಗ ಸೂಕ್ಷ್ಮ ನೂಲೆಳೆಗಳು ನೀರಿಗೆ ಸೇರುತ್ತವೆ, ಮರುಬಳಕೆಯ ದಾರವಾದರೂ ಇದು ತಪ್ಪುವುದಿಲ್ಲ.

ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದಾಗ ನಾಲ್ಕೂವರೆ ನಿಮಿಷಕ್ಕೆ ಮುಗಿಯಬೇಕು, ಪರದೆ ಬದಲಿಸಲು, ತರಗತಿಯ ಉತ್ತರ ಕೇಳಲು ಉಳಿದದ್ದು ಖರ್ಚಾಗುತ್ತದೆ. ಹೆಚ್ಚಾದರೆ ಕತ್ತರಿ ಹಾಕಬೇಕಾದದ್ದು ಫೇಸ್‌ಬುಕ್ ಭಾಗಕ್ಕೆ, ಮಿತಿಗಳ ಭಾಗಕ್ಕಲ್ಲ.