ಗೆಣ್ಣಿನ ಮೇಲೆ ತಿಂಗಳ ಲೆಕ್ಕ

ಯಾವ ತಿಂಗಳಿಗೆ 30 ದಿನ, ಯಾವುದಕ್ಕೆ 31 ಎಂದು ಮಕ್ಕಳು ನೆನಪಿಡುವುದು ಹೇಗೆ? (ಓದುಗರು, ಹುಣಸೂರು)

ಎಡಗೈ ಮುಷ್ಟಿ ಕಟ್ಟಿಸಿ. ಬೆರಳ ಬುಡದ ಗೆಣ್ಣುಗಳು ಎಚ್.ಡಿ. ಕೋಟೆ ಕಡೆಯ ನೆಲದಂತೆ ದಿಣ್ಣೆ, ತಗ್ಗು, ಮತ್ತೆ ದಿಣ್ಣೆ. ತೋರುಬೆರಳಿನ ದಿಣ್ಣೆ ಜನವರಿ, ಪಕ್ಕದ ತಗ್ಗು ಫೆಬ್ರವರಿ, ಮುಂದಿನ ದಿಣ್ಣೆ ಮಾರ್ಚ್. ಹೀಗೆ ಎಣಿಸಿದರೆ ಕಿರುಬೆರಳಿನ ದಿಣ್ಣೆಗೆ ಜುಲೈ ಬರುತ್ತದೆ. ದಿಣ್ಣೆಗೆ 31 ದಿನ, ತಗ್ಗಿಗೆ 30. ಫೆಬ್ರವರಿಗೆ ಮಾತ್ರ 28, ಅಧಿಕ ವರ್ಷದಲ್ಲಿ 29.

ಮಕ್ಕಳು ಎಡವುವುದು ಆಗಸ್ಟ್‌ನಲ್ಲಿ. ಅದನ್ನು ತಗ್ಗಿಗೆ ಇಳಿಸಬಾರದು. ಮತ್ತೆ ತೋರುಬೆರಳಿನ ದಿಣ್ಣೆಯಿಂದಲೇ ಶುರುಮಾಡಬೇಕು. ಡಿಸೆಂಬರ್ ದಿಣ್ಣೆಯ ಮೇಲೆ ನಿಂತರೆ ಎಣಿಕೆ ಸರಿ.

ಗಾಂಧಿ ಜಯಂತಿಯಿಂದ ರಾಜ್ಯೋತ್ಸವಕ್ಕೆ ಎಷ್ಟು ದಿನ ಎಂದು ಕೇಳಿ ನೋಡಿ. ಅಕ್ಟೋಬರ್ ದಿಣ್ಣೆ, ಅಂದರೆ 31. ಅಕ್ಟೋಬರ್ 2ರಿಂದ 31ಕ್ಕೆ 29 ದಿನ, ನವೆಂಬರ್ 1ಕ್ಕೆ ಇನ್ನೊಂದು: ಒಟ್ಟು 30.